ಬಿಎಂಎಸ್ ಕೀಳುವ ಮೊದಲು ನಾಲ್ಕು ಸೆಲ್ ನೋಡಿ

"ಆಪ್‌ನಲ್ಲಿ ಇನ್ನೂ 25 ಪರ್ಸೆಂಟ್ ಅಂತ ತೋರಿಸ್ತಾ ಇರುತ್ತೆ, ಇದ್ದಕ್ಕಿದ್ದ ಹಾಗೆ ಬ್ಯಾಟರಿ ಆಫ್. ಎಲ್ಲಾ ಆ ಬಿಎಂಎಸ್‌ದೇ ಕಾಟ. ಅದನ್ನ ಕಿತ್ತು ಡೈರೆಕ್ಟ್ ಕೊಟ್ಟುಬಿಡ್ಲಾ?"

ಮನೆಯ ಇನ್ವರ್ಟರ್‌ಗೆ ಲಿಥಿಯಂ ಬ್ಯಾಟರಿ ಹಾಕಿಸಿದವರು ಫೋನ್ ಮಾಡಿ ಕೇಳುವುದು ಇದನ್ನೇ. ಬಿಎಂಎಸ್ ಅಂದರೆ ಆ ಬ್ಯಾಟರಿಯೊಳಗಿನ ಸೆಲ್ಲುಗಳನ್ನು ಕಾಯುವ ಬೋರ್ಡು. ಡೈರೆಕ್ಟ್ ಕೊಡಬೇಡಿ. ಡೈರೆಕ್ಟ್ ಕೊಟ್ಟರೆ ಮೊದಲ ವಾರ ಎಲ್ಲಾ ಚೆನ್ನಾಗೇ ಓಡುತ್ತದೆ, ಮೊದಲಿಗಿಂತ ಜಾಸ್ತಿ ಹೊತ್ತು ಬರುತ್ತದೆ ಕೂಡ. ಅದನ್ನು ನೋಡಿ ಜನ ನಂಬಿಬಿಡುತ್ತಾರೆ, ತೊಂದರೆ ಇರುವುದೇ ಅಲ್ಲಿ.

ಶಿರಸಿ ಸುತ್ತಮುತ್ತ ಇಂಥ ಫೋನುಗಳು ಬರುವುದು ಹೆಚ್ಚಾಗಿ ಮಳೆಗಾಲ ಮುಗಿಯುವ ಹೊತ್ತಿಗೆ. ಅದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ. ಮೊದಲು ಒಂದು ಬ್ಯಾಟರಿಯ ಲೆಕ್ಕ ನೋಡೋಣ. ಬನವಾಸಿ ರಸ್ತೆ ಕಡೆಯ ಒಂದು ತೋಟದ ಮನೆ. ಹಳೆ ಟ್ಯೂಬುಲರ್ ಬ್ಯಾಟರಿ ತೆಗೆದು ಲಿಥಿಯಂ ಹಾಕಿಸಿದ್ದರು. 12.8 ವೋಲ್ಟ್, 100 ಆಂಪಿಯರ್ ಅವರ್, ಒಳಗೆ ನಾಲ್ಕು ಎಲ್‌ಎಫ್‌ಪಿ ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ. ಇನ್ವರ್ಟರ್ ಹಳೆಯದೇ. ಮೇಲೆ ಸೋಲಾರ್ ಪ್ಯಾನೆಲ್.

ಮಧ್ಯಾಹ್ನ ಯಾವ ಲೋಡೂ ಇಲ್ಲದಾಗ ನೋಡಿದರೆ ನಾಲ್ಕೂ ಸೆಲ್ ಸರಿಯಾಗಿಯೇ ಇದ್ದವು. 3.30, 3.30, 3.31, 3.30. "ನೋಡಿ, ಎಲ್ಲಾ ಸಮ ಇದೆ" ಅಂದರು ಯಜಮಾನರು. ಎಲ್‌ಎಫ್‌ಪಿ ಮೋಸ ಮಾಡುವುದು ಇಲ್ಲೇ. ಈ ಸೆಲ್ಲು 20 ಪರ್ಸೆಂಟ್ ಇರಲಿ, 80 ಪರ್ಸೆಂಟ್ ಇರಲಿ, ವೋಲ್ಟೇಜು 3.2ರಿಂದ 3.35ರ ಒಳಗೇ ಓಡಾಡುತ್ತದೆ. ನಡುವಿನಲ್ಲಿ ವೋಲ್ಟೇಜು ನೋಡಿ ಯಾವ ಸೆಲ್ಲಿನಲ್ಲಿ ಎಷ್ಟಿದೆ ಅಂತ ಹೇಳಲು ಬರುವುದಿಲ್ಲ. ನೋಡಬೇಕಾದದ್ದು ಎರಡು ತುದಿಗಳಲ್ಲಿ.

ಹಾಗಾಗಿ ಚಾರ್ಜಿಗೆ ಹಾಕಿ ಕಾದೆವು. ಬಿಎಂಎಸ್ ಚಾರ್ಜಿಂಗ್ ಕಟ್ ಮಾಡಿದ ಹೊತ್ತಿಗೆ ಆಪ್‌ನಲ್ಲಿ 3.36, 3.36, 3.65, 3.35. ಮೂರನೇ ಸೆಲ್ ತುಂಬಿ ನೆತ್ತಿಗೆ ಮುಟ್ಟಿದೆ, ಉಳಿದ ಮೂರು ಇನ್ನೂ ದಾರಿಯಲ್ಲಿವೆ. ಸೀರೀಸ್ ಅಂದರೆ ಪಂಕ್ತಿ ಊಟ ಇದ್ದ ಹಾಗೆ, ಒಬ್ಬ ಎದ್ದರೆ ಎಲ್ಲರೂ ಏಳಬೇಕು. ಬಿಎಂಎಸ್ ಅಲ್ಲಿಗೆ ನಿಲ್ಲಿಸಿ, 100 ಪರ್ಸೆಂಟ್ ಅಂತ ಬರೆದುಕೊಂಡಿತು. ಆಮೇಲೆ ಸಂಜೆಯಿಂದ ಲೋಡ್ ಹಾಕಿ ಬಿಟ್ಟೆವು. ಸುಮಾರು 75 ಆಂಪಿಯರ್ ಅವರ್ ಖರ್ಚಾದಾಗ ಆಫ್. ಆಗ ಇದ್ದದ್ದು 3.15, 3.15, 3.20, 2.50. ಈ ಸಲ ಬರಿದಾದದ್ದು ನಾಲ್ಕನೇ ಸೆಲ್.

ಲೆಕ್ಕ ಬಿಡಿಸಿದರೆ ಹೀಗೆ: ಮೂರನೆಯದು ಪೂರ್ತಿ ತುಂಬಿದಾಗ ನಾಲ್ಕನೆಯದರಲ್ಲಿ 75 ಅಷ್ಟೇ ಇತ್ತು, ಒಂದು ಮತ್ತು ಎರಡರಲ್ಲಿ ಸುಮಾರು 85. ನಾಲ್ಕನೆಯದು ಖಾಲಿಯಾದಾಗ ಮೂರನೆಯದರಲ್ಲಿ ಇನ್ನೂ 25 ಬಾಕಿ. ಆಪ್‌ನಲ್ಲಿ ಕಂಡ 25 ಪರ್ಸೆಂಟ್ ಅದೇ. ಸುಳ್ಳಲ್ಲ, ಆದರೆ ತೆಗೆಯಲು ಸಿಗದ ಕರೆಂಟು.

ಈಗ ಬಿಎಂಎಸ್ ಇಲ್ಲ ಅಂದುಕೊಳ್ಳಿ. ಚಾರ್ಜರ್‌ಗೆ ಒಳಗಿನ ಸೆಲ್ಲು ಕಾಣುವುದಿಲ್ಲ, ಒಟ್ಟು ವೋಲ್ಟೇಜು ಮಾತ್ರ ಕಾಣುತ್ತದೆ. ಅದು 14.4 ಬರುವ ತನಕ ತುಂಬುತ್ತದೆ. ಮೂರು ಸೆಲ್ ಸೇರಿ 10.07 ಆಯಿತು, ಉಳಿದ 4.33 ವೋಲ್ಟ್ ಪೂರ್ತಿ ಮೂರನೇ ಸೆಲ್ಲಿನ ತಲೆ ಮೇಲೆ. ಎಲ್‌ಎಫ್‌ಪಿ ಸೆಲ್ಲಿಗೆ 3.65 ಮಿತಿ. ಅದನ್ನು ದಾಟಿ ಇಷ್ಟು ಮೇಲೆ ಹೋದರೆ ಒಳಗಿನ ದ್ರಾವಣ ಒಡೆದು ಗ್ಯಾಸ್ ಆಗುತ್ತದೆ, ಸೆಲ್ಲಿನ ಹೊಟ್ಟೆ ಉಬ್ಬುತ್ತದೆ. ಇನ್ನೊಂದು ತುದಿಯಲ್ಲಿ, ಹಳೆ ಇನ್ವರ್ಟರ್ ಕಟ್ ಆಗುವುದು 10.5 ವೋಲ್ಟಿಗೆ. ಮೂರು ಸೆಲ್ ಸೇರಿ ಸುಮಾರು 9.5 ಕೊಡುತ್ತಿರುವಾಗ ಇನ್ವರ್ಟರ್‌ಗೆ ಎಚ್ಚರ ಆಗಬೇಕಾದರೆ ನಾಲ್ಕನೆಯದು 1 ವೋಲ್ಟಿಗೆ ಇಳಿದಿರಬೇಕು. ಹಾಗೆ ಸೊನ್ನೆ ಕಡೆಗೆ ಜಾರಿದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಲ್ಲೋ ಕೂತು ಒಳಗೊಳಗೇ ಶಾರ್ಟ್ ಮಾಡುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಒಟ್ಟು ವೋಲ್ಟೇಜು ಸರಿಯಾಗಿಯೇ ಇರುತ್ತದೆ. ಬಿಎಂಎಸ್ ಸೆಲ್ ಸೆಲ್ಲಿಗೂ ಒಂದೊಂದು ಸಪೂರ ವಯರ್ ಎಳೆದುಕೊಂಡು ಕೂತಿರುವುದು ಇದನ್ನು ನೋಡುವುದಕ್ಕೇ.

"ಬಿಎಂಎಸ್‌ನಲ್ಲಿ ಬ್ಯಾಲೆನ್ಸಿಂಗ್ ಇದೆಯಲ್ಲ, ಅದು ಯಾಕೆ ಸರಿ ಮಾಡ್ಲಿಲ್ಲ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದೆ, ಆದರೆ ಅದರ ಕೈ ಬಹಳ ಸಣ್ಣದು. ಸಾಮಾನ್ಯ ಬಿಎಂಎಸ್‌ನಲ್ಲಿ ಜಾಸ್ತಿ ತುಂಬಿದ ಸೆಲ್ಲಿಗೆ ಒಂದು ಪುಟ್ಟ ರೆಸಿಸ್ಟರ್ ಜೋಡಿಸಿ, ಹೆಚ್ಚಿನ ಕರೆಂಟನ್ನು ಬಿಸಿ ಮಾಡಿ ಕಳೆಯುತ್ತಾರೆ. ಹೆಚ್ಚೆಂದರೆ 50ರಿಂದ 100 ಮಿಲಿ ಆಂಪಿಯರ್. ಈ ಮನೆಯದರಲ್ಲಿ 60. ಮೂರನೇ ಸೆಲ್ಲಿನ 25 ಆಂಪಿಯರ್ ಅವರ್ ಹಾಗೆ ಇಳಿಸಬೇಕಾದರೆ 400 ಗಂಟೆಗೂ ಮೇಲೆ ಬೇಕು. ಅದೂ ದಿನವಿಡೀ ಕೆಲಸ ಮಾಡುವುದಿಲ್ಲ. ನಡುವಿನ ವೋಲ್ಟೇಜು ನಂಬುವ ಹಾಗಿಲ್ಲವಲ್ಲ, ಅದಕ್ಕೆ ಸೆಲ್ 3.4ರ ಮೇಲೆ ಹೋದಾಗ ಮಾತ್ರ ಬ್ಯಾಲೆನ್ಸಿಂಗ್ ಶುರು ಮಾಡುವ ಹಾಗೆ ಇಟ್ಟಿರುತ್ತಾರೆ. ಅಂದರೆ ಬ್ಯಾಟರಿ ಪೂರ್ತಿ ತುಂಬುವ ಕೊನೆಯ ಸ್ವಲ್ಪ ಹೊತ್ತು.

ಮಳೆಗಾಲದ ವಿಷಯ ಬರುವುದು ಇಲ್ಲಿ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್ ತನಕ ಬಿಸಿಲು ಎಷ್ಟು ದಿನ ಕಾಣುತ್ತದೆ ಅಂತ ನಿಮಗೇ ಗೊತ್ತು. ಗಾಳಿಗೆ ಮರ ಬಿದ್ದು ಕರೆಂಟೂ ಹೋಗುತ್ತಿರುತ್ತದೆ. ಬ್ಯಾಟರಿ ವಾರಗಟ್ಟಲೆ ಅರೆಹೊಟ್ಟೆಯಲ್ಲೇ ಇರುತ್ತದೆ, ಒಂದು ದಿನವೂ 3.4 ಮುಟ್ಟುವುದಿಲ್ಲ, ಬ್ಯಾಲೆನ್ಸಿಂಗ್ ಒಂದು ನಿಮಿಷವೂ ನಡೆಯುವುದಿಲ್ಲ. ಆ ಹೊತ್ತಿನಲ್ಲಿ ಸೆಲ್ಲುಗಳು ತಮ್ಮಷ್ಟಕ್ಕೆ ಸೋರುವುದು ಒಂದೊಂದು ಒಂದೊಂದು ಥರ, ವ್ಯತ್ಯಾಸ ಮೆಲ್ಲಗೆ ಬೆಳೆಯುತ್ತದೆ. ಮೊದಲೇ ಬೇರೆ ಬೇರೆ ಲಾಟಿನ ಸೆಲ್ ಸೇರಿಸಿ, ಸಮ ಮಾಡದೆ ಪ್ಯಾಕ್ ಕಟ್ಟಿದ್ದರಂತೂ ಕೇಳುವುದೇ ಬೇಡ. ಈ ಮನೆಯದು ಅಂಥದ್ದೇ ಅಂತ ನನ್ನ ಅಂದಾಜು, ಯಾಕೆಂದರೆ 25 ಪರ್ಸೆಂಟ್ ವ್ಯತ್ಯಾಸ ಒಂದು ಮಳೆಗಾಲಕ್ಕೆ ಆಗುವಂಥದ್ದಲ್ಲ.

ಸರಿ ಮಾಡಿದ್ದು ಹೀಗೆ. ಲೋಡು, ಚಾರ್ಜರ್ ಎರಡನ್ನೂ ಬಿಡಿಸಿ, ಬೆಂಚ್ ಪವರ್ ಸಪ್ಲೈಯನ್ನು 3.65 ವೋಲ್ಟಿಗೆ ಇಟ್ಟೆ. ಇದನ್ನು ಸೆಲ್ಲಿಗೆ ಮುಟ್ಟಿಸುವ ಮೊದಲೇ ಮೀಟರ್ ಹಿಡಿದು ನೋಡಿಕೊಳ್ಳಬೇಕು, ಮುಟ್ಟಿಸಿದ ಮೇಲೆ ವೋಲ್ಟೇಜ್ ತಿರುಗಿಸಬಾರದು. ಕರೆಂಟ್ ಮಿತಿ 10 ಆಂಪಿಯರ್. ಮೂರನೇ ಸೆಲ್ ತುಂಬಿರುವಾಗಲೇ, ನಾಲ್ಕನೇ ಸೆಲ್ಲಿಗೆ ಮಾತ್ರ ಎರಡೂವರೆ ಗಂಟೆಗೂ ಸ್ವಲ್ಪ ಜಾಸ್ತಿ, ಆಮೇಲೆ ಒಂದು ಮತ್ತು ಎರಡಕ್ಕೆ ಒಂದೂವರೆ ಗಂಟೆಯಂತೆ. ಕೊನೆಗೆ ಕರೆಂಟು 5 ಆಂಪಿಯರ್‌ಗೆ ಇಳಿದಾಗ ನಿಲ್ಲಿಸುವುದು. ಪಕ್ಕದಲ್ಲೇ ಕೂತಿರಬೇಕು, ಹಾಕಿ ಸಂತೆಗೆ ಹೋಗುವ ಕೆಲಸ ಅಲ್ಲ. ಬೆಂಚ್ ಸಪ್ಲೈ ಇಲ್ಲದವರು ಇದ್ದವರ ಹತ್ತಿರ ಒಯ್ಯಿರಿ. ಪೆಟ್ಟಿಗೆಗೆ ವಾರಂಟಿ ಇದ್ದರೆ ಬಿಚ್ಚಲೇಬೇಡಿ, ಕೊಟ್ಟವರ ಹತ್ತಿರವೇ ಮಾಡಿಸಿ.

ಒಂದು ಸಲ ಹೀಗೆ ಸಮ ಮಾಡಿದ ಮೇಲೆ ಉಳಿದ ಚೂರುಪಾರು ವ್ಯತ್ಯಾಸಕ್ಕೆ ಆ 60 ಮಿಲಿ ಆಂಪಿಯರ್ ಧಾರಾಳ ಸಾಕು. ಆದರೆ ಅದಕ್ಕೆ ಅವಕಾಶ ಕೊಡಬೇಕು. ಮಳೆಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ, ಲೈನ್ ಕರೆಂಟು ಇರುವ ದಿನ ನೋಡಿ ಪೂರ್ತಿ ಚಾರ್ಜ್ ಮಾಡಿ, ತುಂಬಿದ ಮೇಲೂ ಒಂದೆರಡು ಗಂಟೆ ಹಾಗೇ ಬಿಡಿ. ಇನ್ವರ್ಟರ್ ಸೆಟ್ಟಿಂಗ್ ಕೂಡ ಬದಲಿಸಿದೆವು: ಚಾರ್ಜಿಂಗ್ 14.2, ಫ್ಲೋಟ್ 13.5, ಲೋ ಕಟ್ 12. ಟ್ಯೂಬುಲರ್‌ಗೆ ಇದ್ದ ಈಕ್ವಲೈಜ್ ಬಂದ್. ದಿನನಿತ್ಯ ನಿಲ್ಲಿಸುವ ಕೆಲಸ ಇನ್ವರ್ಟರ್‌ದು, ಬಿಎಂಎಸ್‌ನ ಮಿತಿ ಅದರ ಹಿಂದಿನ ಕಾವಲು. ದಿನವೂ ಬಿಎಂಎಸ್ಸೇ ಕಟ್ ಮಾಡುತ್ತಿದೆ ಅಂದರೆ ಸೆಟ್ಟಿಂಗ್ ತಪ್ಪಿದೆ, ಇಲ್ಲವೇ ಸೆಲ್ ಸಮ ಇಲ್ಲ.

ಎಲ್ಲಾ ಕೇಸಿನಲ್ಲೂ ಬ್ಯಾಲೆನ್ಸ್ ಮಾಡಿದರೆ ಸರಿಹೋಗುತ್ತದೆ ಅಂತಲ್ಲ. ಈ ಮನೆಯಲ್ಲಿ ಮೇಲೆ ಮೊದಲು ಮುಟ್ಟಿದ್ದು ಮೂರನೆಯದು, ಕೆಳಗೆ ಮೊದಲು ಮುಟ್ಟಿದ್ದು ನಾಲ್ಕನೆಯದು. ಬೇರೆ ಬೇರೆ ಸೆಲ್ ಅಂದರೆ ಸೆಲ್ ಹಾಳಾಗಿಲ್ಲ, ಮಟ್ಟ ತಪ್ಪಿದೆ ಅಷ್ಟೇ. ಅದೇ ಎರಡೂ ತುದಿಯಲ್ಲಿ ಒಂದೇ ಸೆಲ್ ಮೊದಲು ಮುಟ್ಟಿದರೆ, ಮೊದಲು ತುಂಬುವುದೂ ಅದೇ ಮೊದಲು ಬರಿದಾಗುವುದೂ ಅದೇ ಆದರೆ, ಅದರ ಹೊಟ್ಟೆಯೇ ಸಣ್ಣದಾಗಿದೆ. ಎಷ್ಟು ಬ್ಯಾಲೆನ್ಸ್ ಮಾಡಿದರೂ ಪ್ಯಾಕು ಆ ಸೆಲ್ಲಿನಷ್ಟೇ ಕೊಡುತ್ತದೆ. ಬದಲಿಸಬೇಕು.

ಬದಲಿಸುವ ಮೊದಲು ಇನ್ನೊಂದು ನೋಡಿ. ಕಾರವಾರ, ಅಂಕೋಲಾ, ಕುಮಟಾ ಕಡೆ, ಕಡಲಿಗೆ ಹತ್ತಿರದ ಮನೆಗಳಲ್ಲಿ ಇದು ಜಾಸ್ತಿ. ಉಪ್ಪುಗಾಳಿಗೆ ಸೆಲ್ಲಿನ ಮೇಲಿನ ಬಸ್‌ಬಾರ್, ಬೋಲ್ಟು ಕಿಲುಬು ಹಿಡಿಯುತ್ತವೆ. ಆ ಜಾಯಿಂಟಿನಲ್ಲಿ ಬರೀ 2 ಮಿಲಿ ಓಮ್ ಅಡ್ಡಿ ಬಂದರೂ, 50 ಆಂಪಿಯರ್ ಎಳೆದಾಗ 100 ಮಿಲಿ ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. 12 ವೋಲ್ಟಿನ ಇನ್ವರ್ಟರ್‌ನಲ್ಲಿ 600 ವಾಟ್ ಲೋಡ್ ಹಾಕಿದರೆ ಅಷ್ಟು ಎಳೆದೇ ಎಳೆಯುತ್ತದೆ. ಬಿಎಂಎಸ್‌ಗೆ ಅದು ಸೆಲ್ಲೇ ಕುಸಿದ ಹಾಗೆ ಕಾಣುತ್ತದೆ. ಚಾರ್ಜ್ ಆಗುವಾಗ ಅದೇ ಸೆಲ್ ಬೇಗ ಏರಿದ ಹಾಗೂ ಕಾಣುತ್ತದೆ. ಥೇಟ್ ಸೋತ ಸೆಲ್ಲಿನ ಲಕ್ಷಣ. ಗುರುತು ಹಿಡಿಯುವುದು ಸುಲಭ: ಬ್ಯಾಟರಿ ಅರ್ಧ ಇರುವಾಗ ಲೋಡ್ ಹಾಕಿ ಆ ಸೆಲ್ ನೋಡಿ, ಥಟ್ಟನೆ ಲೋಡ್ ತೆಗೆಯಿರಿ. ವ್ಯತ್ಯಾಸ ಆ ಕ್ಷಣಕ್ಕೇ ಮಾಯವಾದರೆ ಸೆಲ್ಲಿಗಿಂತ ಮೊದಲು ಬೋಲ್ಟಿನ ಮೇಲೆ ಅನುಮಾನ ಪಡಬೇಕು. ಬಿಚ್ಚಿ, ಉಜ್ಜಿ, ಬಿಗಿ ಮಾಡಿ ಮತ್ತೆ ನೋಡಿ. ಬಿಚ್ಚುವಾಗ ಸ್ಪ್ಯಾನರ್‌ಗೆ ಟೇಪ್ ಸುತ್ತಿಕೊಳ್ಳಿ, ಎರಡು ಟರ್ಮಿನಲ್‌ಗೆ ಅಡ್ಡ ಬಿದ್ದರೆ ಸ್ಪ್ಯಾನರೇ ಕೆಂಪಗಾಗುತ್ತದೆ.

ಇನ್ನು ನನಗೆ ಫೋನ್ ಮಾಡುವವರು ಎರಡು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಮಾಡಿ. ಚಾರ್ಜಿಂಗ್ ಕಟ್ ಆದ ತಕ್ಷಣದ್ದು ಒಂದು, ಬ್ಯಾಟರಿ ಆಫ್ ಆದ ತಕ್ಷಣದ್ದು ಇನ್ನೊಂದು, ಎರಡರಲ್ಲೂ ಒಂದೊಂದು ಸೆಲ್ಲಿನ ವೋಲ್ಟೇಜು ಕಾಣಬೇಕು. ಆಫ್ ಆದಾಗಲೂ ನಾಲ್ಕೂ ಸೆಲ್ 3.2ರ ಮೇಲೇ ಇದ್ದರೆ ಈ ಬರೆದದ್ದು ಯಾವುದೂ ನಿಮ್ಮ ಕೇಸಲ್ಲ. ಹೆಚ್ಚಾಗಿ ಪಂಪೋ ಮಿಕ್ಸಿಯೋ ಶುರುವಾಗುವಾಗ ಎಳೆದ ಕರೆಂಟಿಗೆ ಓವರ್‌ಕರೆಂಟ್ ಕಟ್ ಆಗಿರುತ್ತದೆ, ಆಪ್‌ನ ಅಲಾರಂ ಪಟ್ಟಿಯಲ್ಲಿ ಅದು ಬರೆದೇ ಇರುತ್ತದೆ.