ಮೊಣಕಾಲು ಅಳೆಯುವ ಕ್ಯಾಲಿಪರ್: ಜಾಸ್ತಿ ಬಂದ ಆರು ಕೆಜಿ

ಸಾಗುವಾನಿಯ ಕ್ಯಾಲಿಪರ್ ಕೊನೆಗೂ ಸರಿಯಾಗಿ ಕೂತಿದೆ. ಕೆಳಗಿನ ಪಟ್ಟಿ ಹಿಮ್ಮಡಿಗೆ, ಜಾರುವ ಪಟ್ಟಿ ಮೊಣಕಾಲಿನ ಹತ್ತಿರ ತೊಡೆಯ ಮೇಲೆ. ಜೊತೆಗೆ ಮಂಡಿ 90 ಡಿಗ್ರಿ ಮಡಚಿದೆಯೇ ಎಂದು ನೋಡಲು ಪ್ಲೈವುಡ್ ಮೂಲೆಮಟ್ಟ ಮಾಡಿಕೊಂಡೆ. ಮರಗೆಲಸ ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ತಲೆ ತಿಂದಿದ್ದು ಮೈ ಅಳತೆಯಿಂದ ತೂಕ ಅಂದಾಜು ಮಾಡುವ ಲೆಕ್ಕ.

ಕಲಬುರಗಿಯಲ್ಲಿ ನಮ್ಮ ಓಣಿಯ ಕಾಕಾ ಒಬ್ಬರಿಗೆ 72 ವರ್ಷ. ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಗಿದೆ. ತಕ್ಕಡಿ ಮೇಲೆ ನಿಲ್ಲಿಸುವ ಮಾತೇ ಇಲ್ಲ. ಮೂಗಿನ ನಳಿಕೆಯಲ್ಲಿ ಎಷ್ಟು ಆಹಾರ ಕೊಡಬೇಕು ಎಂದು ಲೆಕ್ಕ ಹಾಕಲು ಡಾಕ್ಟರು ತೂಕ ಕೇಳಿದ್ದರು.

ನಿಲ್ಲಲಾಗದ ವೃದ್ಧರ ತೂಕ ಅಂದಾಜು ಮಾಡಲು ಚಮ್ಲಿಯಾ ಮತ್ತು ಜೊತೆಗಾರರು 1988ರಲ್ಲಿ ಕೊಟ್ಟ ಪೂರ್ತಿ ಸೂತ್ರಕ್ಕೆ ಬೆನ್ನಿನ ಚರ್ಮದ ಮಡಿಕೆಯ ದಪ್ಪವೂ ಬೇಕು. ಅದಕ್ಕೆಂದು ತರಿಸಿದ ಚಿಮ್ಮಟದ ಸ್ಪ್ರಿಂಗ್ ಎಷ್ಟು ಸಡಿಲ ಎಂದರೆ, ಒಂದೇ ಜಾಗದಲ್ಲಿ ಹಿಡಿದಾಗಲೆಲ್ಲ ಬೇರೆ ಬೇರೆ ಅಂಕಿ ಬರುತ್ತದೆ. ವಾಪಸ್ ತಗೊಳ್ಳಿ ಎಂದರೆ ಅಂಗಡಿಯವರು ಫೋನೇ ಎತ್ತುತ್ತಿಲ್ಲ. ದುಡ್ಡು ಕೊಟ್ಟು ಇಂಥದ್ದು ಕೊಂಡರೆ ಸಿಟ್ಟು ಬರುತ್ತದೆ ಅಲ್ವಾ? ಹಾಗಾಗಿ ಮಡಿಕೆ ಬೇಡದ ಎರಡು ಸೂತ್ರ ಹಿಡಿದೆ. ಎರಡೂ 60 ದಾಟಿದ ಗಂಡಸರಿಗೆ. ತೋಳು, ಮೀನಖಂಡ ಎಂದರೆ ಅವುಗಳ ಸುತ್ತಳತೆ, ಮೊಣಕಾಲು ಎಂದರೆ ಕ್ಯಾಲಿಪರ್ ತೋರಿಸುವ ಎತ್ತರ. ಅಳತೆ ಸೆಂಟಿಮೀಟರಿನಲ್ಲಿ, ಉತ್ತರ ಕೆಜಿಯಲ್ಲಿ:

```
A = 2.31*ತೋಳು + 1.50*ಮೀನಖಂಡ - 50.10
B = 1.10*ಮೊಣಕಾಲು + 3.07*ತೋಳು - 75.81
```

ಕಾಕಾ ಅವರ ಎಡತೋಳು 24, ಎಡ ಮೊಣಕಾಲಿನ ಎತ್ತರ 49. B ಕೊಟ್ಟ ತೂಕ 51.8. ಮೀನಖಂಡ 35 ಎಂದು ಮನೆಯವರ ಚೀಟಿಯಲ್ಲಿ ಇತ್ತು. ಅದನ್ನು A ಗೆ ಹಾಕಿದರೆ 57.8. ಒಬ್ಬರೇ ಮನುಷ್ಯ, ಆರು ಕೆಜಿ ವ್ಯತ್ಯಾಸ! ಕ್ಯಾಲಿಪರಿನ ಗೆರೆ ತಪ್ಪಿದೆಯೇ ಎಂದು ಉಕ್ಕಿನ ಸ್ಕೇಲಿಗೆ ಹಿಡಿದು ನೋಡಿದೆ. ಸರಿಯಾಗಿಯೇ ಇತ್ತು. ಅಷ್ಟಕ್ಕೂ ಆರು ಕೆಜಿ ಕಡಿಮೆ ತೋರಿಸಲು ಮೊಣಕಾಲು ಐದೂವರೆ ಸೆಂಟಿಮೀಟರ್ ತಪ್ಪಬೇಕು. ಕ್ಯಾಲಿಪರ್ ಅಷ್ಟು ತಪ್ಪುವುದಿಲ್ಲ.

ಮನೆಗೇ ಹೋಗಿ ನೋಡಿದಾಗ ಗೊತ್ತಾಯಿತು. ಮಂಚದ ಎಡಬದಿ ಗೋಡೆಗೆ ಒತ್ತಿಕೊಂಡಿತ್ತು. "ಎಡಗಾಲು ಗ್ವಾಡಿ ಕಡೆ ಅದರಿ ಅಣ್ಣಾ, ಟೇಪ್ ಸುತ್ತಾಕ ಆಗಂಗಿಲ್ಲ, ಅದಕ್ಕ ಬಲಗಾಲೇ ತಗೊಂಡ್ವಿ" ಎಂದರು ಅವರ ಸೊಸೆ. ಬಲಗಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ತೆಗೆದೆ. ಗುಳಿ ಹಾಗೇ ಉಳಿಯಿತು. ಆಡಿಸದ ಕಾಲಿನಲ್ಲಿ ನೀರು ಇಳಿದು ನಿಂತಿದೆ. ಇದ್ದಕ್ಕಿದ್ದಂತೆ ಬಂದ ಬಾವಲ್ಲ, ಡಾಕ್ಟರು ಆಗಲೇ ನೋಡಿದ್ದರು. ಹೊಸದಾಗಿ ಒಂದೇ ಕಾಲು ಊದಿ ನೋವಿದ್ದರೆ ಟೇಪ್ ಪಕ್ಕಕ್ಕಿಟ್ಟು ಮೊದಲು ಡಾಕ್ಟರಿಗೆ ಹೇಳಬೇಕು, ರಕ್ತ ಹೆಪ್ಪುಗಟ್ಟಿರಬಹುದು.

ಮಂಚ ಎಳೆದು ಎಡಗಾಲು ಮಡಚಿ, ಮೀನಖಂಡದ ಉದ್ದಕ್ಕೂ ಟೇಪ್ ಮೇಲೆ ಕೆಳಗೆ ಜಾರಿಸಿ, ಎಲ್ಲಕ್ಕಿಂತ ದಪ್ಪ ಇರುವ ಕಡೆ ಓದಿದೆ: 31. ಈಗ A ಕೊಟ್ಟದ್ದು 51.8! ನಾಲ್ಕು ಸೆಂಟಿಮೀಟರ್ ಬಾವು, ಸೆಂಟಿಮೀಟರಿಗೆ ಒಂದೂವರೆ ಕೆಜಿ. ಆರು ಕೆಜಿ ಬಂದದ್ದು ಅಲ್ಲಿಂದ. ಖುಷಿಗೆ ಅಲ್ಲೇ ಎರಡು ಕಪ್ ಚಹಾ ಆಯಿತು.

ಬಿದ್ದ ಕಾಲು ಯಾವಾಗಲೂ ಜಾಸ್ತಿಯೇ ತೋರಿಸುತ್ತದೆ ಎಂದುಕೊಳ್ಳಬೇಡಿ. ಬಾವು ಇಲ್ಲದಿದ್ದರೆ ಅದೇ ಕಾಲಿನ ಸ್ನಾಯು ಸೊರಗಿ ತೂಕ ಕಡಿಮೆ ಬರುತ್ತದೆ. ಯಾವಾಗಲೂ ಗಟ್ಟಿ ಇರುವ ಬದಿಯನ್ನೇ ಅಳೆಯಿರಿ. ಎರಡೂ ಕಾಲು ಊದಿದ್ದರೆ A ಬಿಟ್ಟು B ಮಾತ್ರ ಇಟ್ಟುಕೊಳ್ಳಿ.

ಎರಡು ಉತ್ತರ ಒಂದೇ ಬಂತು ಎಂದರೆ ಕೆಲಸ ಮುಗಿಯಲಿಲ್ಲ. ತೋಳು ಎರಡು ಸೂತ್ರದಲ್ಲೂ ಇದೆ. ಸಲೈನ್ ಹಾಕಿ ಕೈ ಊದಿದ್ದರೆ ಎರಡೂ ಒಟ್ಟಿಗೆ ಮೇಲೆ ಹೋಗುತ್ತವೆ, ಹೊಂದಿಕೆ ಮಾತ್ರ ಚೆನ್ನಾಗಿ ಕಾಣುತ್ತದೆ. B ಯಲ್ಲಿ ತೋಳಿನ ಒಂದು ಸೆಂಟಿಮೀಟರ್ ಎಂದರೆ ಮೂರು ಕೆಜಿ. ಹಾಗಾಗಿ ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಯವರೆಗೆ, ಕೈ ಮಡಚಿಸಿ ಅಳೆದು, ನಡುವೆ ಪೆನ್ನಿನಿಂದ ಗುರುತು ಹಾಕಬೇಕು. ಆಮೇಲೆ ಕೈ ನೀಡಿಸಿ ಸುತ್ತಳತೆ. ಟೇಪ್ ಚರ್ಮಕ್ಕೆ ತಾಗಬೇಕು, ಒತ್ತಬಾರದು.

ಇನ್ನೊಂದು ಮಿತಿ ಇದೆ. ಈ ಸೂತ್ರಗಳು ಅಮೆರಿಕದ ವೃದ್ಧರ ಅಳತೆಯಿಂದ ಬಂದವು. B ಅಲ್ಲಿನ ಬಿಳಿಯರದ್ದು. ನಮ್ಮವರ ಮೈಕಟ್ಟಿಗೆ ಅದು ಎಷ್ಟು ಒಪ್ಪುತ್ತದೆ ಎಂದು ನೋಡಲು ನಡೆದಾಡುವ ಹಿರಿಯರನ್ನು ತಕ್ಕಡಿಗೆ ಹತ್ತಿಸಿ, ಪಕ್ಕದಲ್ಲೇ ಸೂತ್ರದ ಉತ್ತರ ಬರೆದಿಡುತ್ತಿದ್ದೇನೆ. ಅಲ್ಲಿಯವರೆಗೆ ಡಾಕ್ಟರಿಗೆ ಕೊಡುವ ಚೀಟಿಯಲ್ಲಿ "ಸುಮಾರು 52, ಅಂದಾಜು, ಎಡಬದಿ ಅಳತೆ, ಬಲಗಾಲು ಬಾವು" ಎಂದು ಪೂರ್ತಿ ಬರೆಯುತ್ತೇನೆ.

ಮುಂದಿನ ಕೆಲಸ ತಲೆಯಲ್ಲಿ ಕೂತುಬಿಟ್ಟಿದೆ: ಮಂಚದ ನಾಲ್ಕು ಕಾಲಿನ ಕೆಳಗೆ ಭಾರ ಅಳೆಯುವ 50 ಕೆಜಿಯ ನಾಲ್ಕು ಲೋಡ್ ಸೆಲ್, ಅವುಗಳ ಸಂಕೇತವನ್ನು ಅಂಕಿಗೆ ಬದಲಿಸುವ ಒಂದು HX711 ಚಿಪ್. ಹಾಸಿಗೆ ಸಮೇತ ಖಾಲಿ ಮಂಚದ ತೂಕ ಮೊದಲೇ ಕಳೆದಿಟ್ಟರೆ ಉಳಿದದ್ದು ಮನುಷ್ಯನದ್ದು. ತೊಡಕು ಶಹಾಬಾದ್ ಕಲ್ಲಿನ ನೆಲ. ಏರುಪೇರು ಇರುವ ಕಡೆ ಮಂಚದ ಭಾರವೆಲ್ಲ ಎರಡು ಕಾಲಿನ ಮೇಲೆ ಬಿದ್ದು ಒಂದು ಸೆಲ್ 50 ದಾಟಬಹುದು. ನಟ್ಟು ತಿರುಗಿಸಿ ಎತ್ತರ ಹೊಂದಿಸುವ ಪಾದ ಯಾರಾದರೂ ಮಾಡಿದ್ದರೆ ಅಳತೆ ಕಳಿಸಿ, ಲೇತ್ ಕೆಲಸ ನಾನು ಮಾಡಿಸುತ್ತೇನೆ.