ರೆಸ್ಯೂಮೆ ರಿಪೇರಿ: ಮೂರು ವಾರಕ್ಕೆ ಒಂದೇ ಸಾಲು

ಮೊದಲ ಶನಿವಾರ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನನ್ನ ಕೆಲಸ. ರೆಸ್ಯೂಮೆಯ ಸಮರಿಯಲ್ಲಿ ಇದ್ದದ್ದು ಇಷ್ಟು: "ಖರೀದಿ ಬಿಲ್ ನಮೂದು, ಜಿಎಸ್‌ಟಿ ತಾಳೆ ನೋಡುವುದು, ಸಪ್ಲೈಯರ್ ಪೇಮೆಂಟ್." ಓದಿದ ಅಕ್ಕ, "ಇದು ಆ ಕುರ್ಚಿಯ ಕೆಲಸ ಕಣೇ. ನೀನು ಕೂತಮೇಲೆ ಏನು ಬದಲಾಯ್ತು?" ಅಂದಳು. ಸಿಟ್ಟು ಬಂತು, ಆದರೆ ಉತ್ತರ ಹೊಳೆಯಲಿಲ್ಲ.

ಎರಡನೇ ಶನಿವಾರ. ಮೂರರಲ್ಲಿ ತಾಳೆ ನೋಡುವುದನ್ನೇ ಹಿಡಿದುಕೊಂಡೆ, ಯಾಕೆಂದರೆ ಅದರದ್ದು ಮಾತ್ರ ತಿಂಗಳುವಾರು ಎಕ್ಸೆಲ್ ಇತ್ತು. ಸಪ್ಲೈಯರ್ ತನ್ನ ಮಾರಾಟದ ರಿಟರ್ನ್ ಆದ GSTR-1 ಅನ್ನು ಮರುತಿಂಗಳ 11ರೊಳಗೆ ಹಾಕಿದರೆ ಬಿಲ್ಲು 14ರಂದು ನಮ್ಮ ಖರೀದಿ ಬಿಲ್‌ಗಳ ಪಟ್ಟಿಯಾದ GSTR-2Bಗೆ ಬರುತ್ತದೆ. ಹಾಕದಿದ್ದರೆ ಆ ತಿಂಗಳು ಅದರ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ಕಡಿತ, ನಮಗಿಲ್ಲ. ಮೊದಲೆಲ್ಲ 14 ಆದಮೇಲೆ ಫೋನ್ ಮಾಡಿ ಬೇಡುತ್ತಿದ್ದೆವು. ಜುಲೈನಿಂದ ನಾನು 8ನೇ ತಾರೀಕಿಗೇ ಪ್ರತಿ ಸಪ್ಲೈಯರ್‌ಗೂ ಅವರವರ ಬಿಲ್ ನಂಬರುಗಳ ಪಟ್ಟಿಯನ್ನು ವಾಟ್ಸಾಪ್ ಮಾಡತೊಡಗಿದೆ. ಬದಲಾದದ್ದು ಇದು!

2Bಯಲ್ಲಿ ಕಾಣದ ಬಿಲ್ಲು ಏಪ್ರಿಲ್‌ನಲ್ಲಿ 52, ಡಿಸೆಂಬರ್‌ನಲ್ಲಿ 8. ಶೇ 85 ಇಳಿಕೆ ಎಂದು ಬರೆದು ಖುಷಿಯಾಗಿ ಮಲಗಿದೆ.

ಭಾನುವಾರ. ಖುಷಿ ಇಳಿಯಿತು. ನಮ್ಮ ಸಣ್ಣ ಸಪ್ಲೈಯರ್‌ಗಳಲ್ಲಿ ಹಲವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು. ನಡುವಿನ ತಿಂಗಳುಗಳಲ್ಲಿ ಐಎಫ್‌ಎಫ್ ಎಂಬ ಸೌಲಭ್ಯದ ಮೂಲಕ ಬಿಲ್ ಹಾಕುವ ದಾರಿ ಅವರಿಗಿದೆ, ಆದರೆ ಕಡ್ಡಾಯವಲ್ಲ. ಹಾಗಾಗಿ ಏಪ್ರಿಲ್, ಮೇ ಬಿಲ್ಲುಗಳು ಜೂನ್‌ನವುಗಳ ಜೊತೆ ಒಟ್ಟಿಗೆ ಬರುತ್ತವೆ. ತ್ರೈಮಾಸಿಕದ ಮೊದಲ ತಿಂಗಳನ್ನು ಇನ್ನೊಂದರ ಕೊನೆಯ ತಿಂಗಳಿಗೆ ಹೋಲಿಸಿದರೆ, ನಾನು ಕಡ್ಡಿ ಅಲ್ಲಾಡಿಸದಿದ್ದರೂ ಇಳಿಕೆ ಕಾಣುತ್ತಿತ್ತು. ಇಂಟರ್‌ವ್ಯೂನಲ್ಲಿ ಕೂತ ಸಿಎಗೆ ಇದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಆದ್ದರಿಂದ ಇಡೀ ತ್ರೈಮಾಸಿಕಕ್ಕೆ ಇಡೀ ತ್ರೈಮಾಸಿಕ. ಏಪ್ರಿಲ್–ಜೂನ್ 52, 49, 25: ಸರಾಸರಿ 42. ಅಕ್ಟೋಬರ್–ಡಿಸೆಂಬರ್ 19, 18, 8: ಸರಾಸರಿ 15. ಇಳಿಕೆ ಶೇ 64. ಎರಡೂ ಅವಧಿಯಲ್ಲಿ ತಿಂಗಳಿಗೆ ಸುಮಾರು 350 ಬಿಲ್ ಬಂದಿದ್ದವು. ಅದನ್ನೂ ನೋಡಿಕೊಂಡೆ, ಬಿಲ್ಲೇ ಕಡಿಮೆಯಾಗಿದ್ದರೆ ತಾಳೆಯಾಗದವು ತಾವಾಗೇ ಇಳಿಯುತ್ತವಲ್ಲ.

ಇದರಿಂದ ಕೈತಪ್ಪದೆ ಉಳಿದ ಕ್ರೆಡಿಟ್ ಎಷ್ಟು ಲಕ್ಷ ಎಂದು ಬರೆಯುವ ಆಸೆ ಇತ್ತು. ಬಿಟ್ಟೆ. ಕಂಪನಿಯ ಲೆಕ್ಕವನ್ನು ಹೊರಗೆ ಹಂಚುವ ಹಕ್ಕು ನನಗಿಲ್ಲ, ಹಂಚಿದರೆ ಹೊಸ ಕಡೆಯವರೂ ನನ್ನನ್ನು ನಂಬುವುದಿಲ್ಲ.

ಮೂರನೇ ಶನಿವಾರ. ರೆಸ್ಯೂಮೆಯಲ್ಲಿ ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಹೀಗೆ: "ತಿಂಗಳಿಗೆ ಸುಮಾರು 350 ಖರೀದಿ ಬಿಲ್‌ಗಳ ತಾಳೆ, ಸಪ್ಲೈಯರ್‌ಗಳಿಗೆ ಮುಂಚಿತವಾಗಿ ಪಟ್ಟಿ ಕಳಿಸುವ ಕ್ರಮ ತಂದು, GSTR-2Bಯಲ್ಲಿ ಕಾಣದ ಬಿಲ್‌ಗಳನ್ನು ತಿಂಗಳ ಸರಾಸರಿ 42ರಿಂದ 15ಕ್ಕೆ ಇಳಿಸಿದ್ದು." ಶೇಕಡಾವಾರು ತೆಗೆದೆ, 42 ಮತ್ತು 15 ಇದ್ದಮೇಲೆ ಅದು ಬೇಕಿಲ್ಲ.

ಪೇಮೆಂಟ್ ಸಾಲಿಗೆ ಇನ್ನೂ ಸಂಖ್ಯೆ ಸಿಕ್ಕಿಲ್ಲ. ಹಳೆಯ ದಿನಾಂಕಗಳು ಟ್ಯಾಲಿಯಲ್ಲಿ ಇರಬೇಕು, ಸೋಮವಾರ ಹುಡುಕಬೇಕು.