ಸಪ್ಪೆ ಮಾತ್ರೆ ಯಾರಿಗೆ ಅಂತ ಕೇರಿಗೆಲ್ಲ ಗೊತ್ತಾದಾಗ

ಹೊಸನಗರದ ಕಡೆಯ ಒಂದು ಹಳ್ಳಿ. ಅಡಿಕೆ ಸುಲಿಯುವ ಚಪ್ಪರದಡಿ ಕೂತು ಫಾರಂ ತುಂಬುತ್ತಿದ್ದೆ. ಎದುರಿಗಿದ್ದ ಅಕ್ಕ ಮೆಟ್ಟುಗತ್ತಿಯಿಂದ ಕಣ್ಣು ತೆಗೆಯದೇ ಹೇಳಿದರು: "ನಂದು ಸಪ್ಪೆ ಮಾತ್ರೆ ಕಣಮ್ಮ. ಆಚೆಮನೆಯವಳಿಗೆ ಕಪ್ಪಗೆ ಹೋಗುತ್ತಂತೆ, ನಂಗೆ ಯಾವಾಗಿನ ಹಾಗೇ." ಸುತ್ತ ಕೂತಿದ್ದ ನಾಲ್ಕೈದು ಜನ ನಕ್ಕರು. ನನಗೆ ನಗು ಬರಲಿಲ್ಲ. ಟ್ರಯಲ್ ಶುರುವಾಗಿ ಆಗಿನ್ನೂ ಮೂರನೇ ವಾರ.

ನಾನು ಶಿವಮೊಗ್ಗದಲ್ಲಿ ಔಷಧ ಪ್ರಯೋಗಗಳ ಕೋಆರ್ಡಿನೇಟರ್. ಯಾರ ಪರವಾಗಿ ಆ ಟ್ರಯಲ್ ಮಾಡಿದೆವು ಅನ್ನೋದು ಇಲ್ಲಿ ಬೇಡ. ವಿಷಯ ಇಷ್ಟೇ: ಹಿಮೋಗ್ಲೋಬಿನ್ ಸರಿಯಿದ್ದೂ ಮೈಯಲ್ಲಿ ಕಬ್ಬಿಣದ ದಾಸ್ತಾನು ಕಡಿಮೆಯಿದ್ದ, ಸದಾ ಸುಸ್ತು ಅನ್ನುವ ಹೆಂಗಸರಿಗೆ ಕಬ್ಬಿಣದ ಮಾತ್ರೆ ಕೊಟ್ಟರೆ ಸುಸ್ತು ಇಳಿಯುತ್ತದಾ? ಅರ್ಧ ಜನಕ್ಕೆ ನಿಜದ ಮಾತ್ರೆ, ಉಳಿದರ್ಧಕ್ಕೆ ಪ್ಲಸೀಬೊ, ಅಂದರೆ ನಾವು ಫೀಲ್ಡಲ್ಲಿ ಕರೆಯುವ ಸಪ್ಪೆ ಮಾತ್ರೆ. ಬಣ್ಣ, ಗಾತ್ರ, ಡಬ್ಬಿ ಎಲ್ಲ ಒಂದೇ. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ. ಇದನ್ನು ಬ್ಲೈಂಡಿಂಗ್ ಅಂತೀವಿ. ಮಾತ್ರೆಯ ಹೊರಮೈಯನ್ನು ಒಂದೇ ಥರ ಮಾಡಲು ತಿಂಗಳುಗಟ್ಟಲೆ ಹೆಣಗಿದ್ದೆವು. ಕಬ್ಬಿಣ ತಿಂದವರಿಗೆ ಮಲ ಕಪ್ಪಾಗುತ್ತದೆ ಅನ್ನೋದು ಪಠ್ಯದಲ್ಲಿ ಓದಿದ್ದ ವಿಷಯವೇ. ಆದರೆ ಒಂದೇ ಕೇರಿಯ ಹೆಂಗಸರು ಅದನ್ನು ಪರಸ್ಪರ ಹೇಳಿಕೊಳ್ಳುತ್ತಾರೆ ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಲ್ಲಿಂದ ಮುಂದೆ ಫಾರಂಗಳ ಬಣ್ಣವೇ ಬದಲಾಯಿತು. "ನಂದು ನಿಜದ್ದು" ಅಂದುಕೊಂಡವರು ಸುಸ್ತಿಗೆ ಕಡಿಮೆ ಅಂಕ ಕೊಡತೊಡಗಿದರು. "ನಂದು ಸಪ್ಪೆ" ಅಂದುಕೊಂಡವರು ಮೊದಲ ವಾರ ಕಂಡಿದ್ದ ಚೇತರಿಕೆಯನ್ನೂ ಮರೆತರು. ರಕ್ತಪರೀಕ್ಷೆಯ ಸಂಖ್ಯೆಗೆ ಇದರ ಸೋಂಕಿಲ್ಲ, ಲ್ಯಾಬ್ ಮೆಷಿನ್ನಿಗೆ ಕೇರಿಯ ಮಾತು ಕೇಳಿಸಲ್ಲ. ಆದರೆ ನಾವು ಅಳೆಯಬೇಕಿದ್ದದ್ದು ಸುಸ್ತನ್ನು. ಅದನ್ನು ಅವರ ಬಾಯಲ್ಲೇ ಕೇಳಬೇಕು, ಬೇರೆ ದಾರಿಯಿಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ಈ ಮಳೆಗಾಲ ಅಣ್ಣನ ಮಗ ತೀರ್ಥಹಳ್ಳಿಯ ಮನೆಗೆ ಬಂದಾಗ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಊಟಕ್ಕೆ ಹುತ್ತದ ಅಣಬೆಯ ಸಾರು ಮಾಡಿದ್ದೆವು. ಅದನ್ನೇ ನೆಪ ಮಾಡಿಕೊಂಡು ಪಿಸುದನಿಯಲ್ಲಿ ಕೇಳಿದ: "ಅತ್ತೆ, ಮೈಕ್ರೋಡೋಸಿಂಗ್ ನಿಜವಾಗ್ಲೂ ಕೆಲಸ ಮಾಡುತ್ತಾ? ನನ್ನ ಫ್ರೆಂಡ್ ಒಬ್ಬ ಮಾಡ್ತಿದ್ದಾನೆ. ಗಮನ ಜಾಸ್ತಿಯಾಗಿದೆ, ಮನಸ್ಸು ಹಗುರಾಗಿದೆ ಅಂತಾನೆ." ಫ್ರೆಂಡ್ ಅಂದರೆ ನಿಜವಾಗಿ ಫ್ರೆಂಡೇನಾ ಅಂತ ಒಂದು ಸಲ ಮುಖ ನೋಡಿದೆ. ಫ್ರೆಂಡೇ ಅನಿಸಿತು. ಮಾದಕ ಪದಾರ್ಥಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಆ ಪದಾರ್ಥ ಕೈಯಲ್ಲಿ ಸಿಕ್ಕರೆ ಜೈಲು ಅಂತ ಮೊದಲು ಹೇಳಿ, ಆಮೇಲೆ ಅವನ ಪ್ರಶ್ನೆಗೆ ಬಂದೆ.

ಗೊತ್ತಿಲ್ಲದವರಿಗೆ: ಎಲ್‌ಎಸ್‌ಡಿ ಅಥವಾ ಕೆಲವು ಅಣಬೆಗಳಲ್ಲಿರುವ ಸೈಲೋಸೈಬಿನ್ ಪೂರ್ತಿ ಪ್ರಮಾಣದಲ್ಲಿ ಗಂಟೆಗಟ್ಟಲೆ ಭ್ರಮೆ ತರುತ್ತವೆ. ಅದರ ಹತ್ತನೇ ಒಂದು ಪಾಲಿನಷ್ಟು, ಭ್ರಮೆ ಬರದ ಹಾಗೆ, ಎರಡು ಮೂರು ದಿನಕ್ಕೊಮ್ಮೆ ತಗೊಂಡು ಎಂದಿನ ಕೆಲಸಕ್ಕೆ ಹೋಗುವುದೇ ಮೈಕ್ರೋಡೋಸಿಂಗ್. ಅಮೆರಿಕದ ಜೇಮ್ಸ್ ಫ್ಯಾಡಿಮನ್ 2011ರಲ್ಲಿ ಪುಸ್ತಕ ಬರೆದ ಮೇಲೆ ಇದು ಹಬ್ಬಿತು. ಮಾಡಿದವರಲ್ಲಿ ಅನೇಕರು ಒಳ್ಳೆಯದಾಯಿತು ಅಂತಲೇ ಹೇಳುತ್ತಾರೆ, ಮತ್ತು ಅವರು ಸುಳ್ಳು ಹೇಳುತ್ತಿಲ್ಲ. ಆ ಒಳ್ಳೆಯದು ಪದಾರ್ಥದಿಂದ ಬಂತಾ, ಅದರ ಮೇಲಿಟ್ಟ ನಿರೀಕ್ಷೆಯಿಂದ ಬಂತಾ ಅನ್ನೋದು ತಂಟೆ.

ಇದನ್ನು ಬಿಡಿಸಲು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಬಲಾಜ್ ಸಿಗೆಟಿ ಮತ್ತು ಜೊತೆಗಾರರು 2021ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಕಾನೂನುಬಾಹಿರ ಪದಾರ್ಥವನ್ನು ಸಾವಿರಾರು ಮೈಲಿ ದೂರದವರಿಗೆ ಹಂಚುವ ಹಾಗಿಲ್ಲ. ಹಾಗಾಗಿ ಹೇಗಿದ್ದರೂ ತಗೊಳ್ಳುವವರಿದ್ದ ಜನಕ್ಕೆ, ತಮ್ಮ ಕಣ್ಣಿಗೆ ತಾವೇ ಪಟ್ಟಿ ಕಟ್ಟಿಕೊಳ್ಳುವ ವಿಧಾನ ಹೇಳಿಕೊಟ್ಟರು. ಒಳಗಿರುವುದು ಕಾಣದ ಕ್ಯಾಪ್ಸೂಲ್ ತಗೊಳ್ಳಿ, ಕೆಲವಕ್ಕೆ ನಿಮ್ಮ ಪದಾರ್ಥ ತುಂಬಿ, ಕೆಲವನ್ನು ಖಾಲಿ ಬಿಡಿ. ಕ್ಯೂಆರ್ ಕೋಡ್ ಅಂಟಿಸಿದ ಲಕೋಟೆಗಳಲ್ಲಿ ಹಾಕಿ, ಕಲೆಸಿ, ಕಣ್ಣುಮುಚ್ಚಿ ಆರಿಸಿ. ಯಾವ ದಿನ ಏನು ನುಂಗಿದಿರಿ ಅಂತ ನಿಮಗೆ ಗೊತ್ತಾಗುವುದಿಲ್ಲ, ಕೋಡ್ ಮೂಲಕ ಸಂಶೋಧಕರಿಗೆ ಗೊತ್ತಾಗುತ್ತದೆ. 191 ಜನ ಮುಗಿಸಿದರು.

ನಾಲ್ಕು ವಾರದ ಕೊನೆಗೆ ಮೈಕ್ರೋಡೋಸ್ ತಗೊಂಡವರ ಮನಸ್ಸಿನ ಸ್ಥಿತಿ ಅಳೆದರೆ, ಮೊದಲಿಗಿಂತ ಚೆನ್ನಾಗಿತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ ದೊಡ್ಡ ಸುದ್ದಿಯಾಗುತ್ತಿತ್ತು. ಆದರೆ ಖಾಲಿ ಕ್ಯಾಪ್ಸೂಲ್ ನುಂಗಿದವರೂ ಸುಧಾರಿಸಿದ್ದರು. ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ತಗೊಂಡ ದಿನದ ಮೂಡಿನಲ್ಲಿ ಮಾತ್ರ ಪದಾರ್ಥದ ಕಡೆಗೆ ಸಣ್ಣ ವಾಲು ಕಂಡಿತು.

ಆ ಸಣ್ಣ ವಾಲು ನಿಜವಾ ಅನ್ನುವಲ್ಲಿ ನಮ್ಮ ಕಪ್ಪು ಮಲದ ಕಥೆ ಬಂತು. ಪ್ರತಿ ಸಲವೂ "ಇವತ್ತು ಏನು ನುಂಗಿದ್ದೀರಿ ಅನಿಸುತ್ತದೆ?" ಅಂತ ಅವರು ಕೇಳಿದ್ದರು. 100ರಲ್ಲಿ 72 ಸಲ ಊಹೆ ಸರಿಯಿತ್ತು. ಏನೂ ಗೊತ್ತಾಗದಿದ್ದರೆ ನಾಣ್ಯ ಚಿಮ್ಮಿದ ಹಾಗೆ 50ರ ಆಸುಪಾಸು ಇರಬೇಕಿತ್ತು.

72 ಅಂದರೆ ಎಷ್ಟು ಕೆಟ್ಟದ್ದು? ಅಡಿಕೆ ಲೆಕ್ಕದ ಚೀಟಿಯ ಹಿಂದೆಯೇ ಅಣ್ಣನ ಮಗನಿಗೆ ಲೆಕ್ಕ ಹಾಕಿ ತೋರಿಸಿದೆ. ಇದು ನಾನು ಕಟ್ಟಿದ ಉದಾಹರಣೆ, ಅವರ ಅಂಕಿಯಲ್ಲ. ಪದಾರ್ಥಕ್ಕೆ ಮೂಡ್ ಏರಿಸುವ ಶಕ್ತಿ ಸೊನ್ನೆ ಅಂತ ಇಟ್ಟುಕೋ. ಆದರೆ "ನಾನು ತಗೊಂಡಿದ್ದೇನೆ" ಅನ್ನುವ ನಂಬಿಕೆ ಮಾತ್ರ 10 ಅಂಕ ಏರಿಸುತ್ತದೆ. ಪದಾರ್ಥ ನುಂಗಿದ 100 ದಿನಗಳಲ್ಲಿ 72 ದಿನ ನಂಬಿಕೆ ಇರುತ್ತದೆ, ಸರಾಸರಿ 7.2 ಅಂಕ. ಖಾಲಿ ನುಂಗಿದ 100 ದಿನಗಳಲ್ಲಿ ತಪ್ಪಾಗಿ ನಂಬಿದ್ದು 28 ದಿನ, ಸರಾಸರಿ 2.8. ವ್ಯತ್ಯಾಸ 4.4 ಅಂಕ. ಏನೂ ಮಾಡದ ಪದಾರ್ಥ 4.4 ಅಂಕದ ಔಷಧವಾಗಿ ಕೂತಿತು! ಊಹೆ 50-50 ಇದ್ದಿದ್ದರೆ ಎರಡೂ ಕಡೆ 5, ವ್ಯತ್ಯಾಸ ಸೊನ್ನೆ. ಪ್ಲಸೀಬೊ ಗುಂಪು ಅಂತ ಒಂದು ಇದ್ದ ಮಾತ್ರಕ್ಕೆ ನಿರೀಕ್ಷೆ ಕಳೆದುಹೋಗುವುದಿಲ್ಲ. ಅದು ಎರಡೂ ತಕ್ಕಡಿಯಲ್ಲಿ ಸಮನಾಗಿ ಕೂತರೆ ಮಾತ್ರ ಕಳೆಯುತ್ತದೆ. ಇದೇ ತಂಡದವರು 2023ರಲ್ಲಿ ಊಹೆಯ ಪ್ರಮಾಣವನ್ನು ಲೆಕ್ಕದಲ್ಲಿ ಸರಿದೂಗಿಸಿ ನೋಡಿ, ತಾವೇ ಕಂಡಿದ್ದ ಆ ಸಣ್ಣ ವಾಲು ಹುಸಿಯಾಗಿರಬಹುದು ಅಂದರು. ತಮ್ಮ ಫಲಿತಾಂಶದ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವ ಸಂಶೋಧಕರು ಅಪರೂಪ.

"ಹಾಗಾದ್ರೆ ಬರೀ ಭ್ರಮೆ ಅನ್ನಿ," ಅಂದ ಹುಡುಗ. ಅವಸರ ಬೇಡ ಅಂದೆ. ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಊಹೆ ಸರಿಯಾದದ್ದು ಯಾಕೆ? ಹೊಟ್ಟೆ ತೊಳಸಿತು, ಮೈ ಬಿಗಿಯಾಯಿತು ಅಂತ ಗೊತ್ತಾಗಿದ್ದರೆ ಅದು ಕಪ್ಪು ಮಲದ ಥರ, ಪದಾರ್ಥ ತನ್ನ ಗುಟ್ಟು ಬಿಟ್ಟುಕೊಟ್ಟ ಹಾಗೆ. ಆದರೆ ಒಬ್ಬನಿಗೆ ನಿಜಕ್ಕೂ ಮನಸ್ಸು ಹಗುರಾಗಿ, ಅದರಿಂದಲೇ "ಓ, ಇವತ್ತು ನಿಜದ್ದು" ಅಂತ ಗೊತ್ತಾಗಿದ್ದರೆ? ಆಗ ಊಹೆಯನ್ನು ಸರಿದೂಗಿಸಲು ಹೋದರೆ ನಿಜವಾದ ಗುಣವನ್ನೇ ಕಸದ ಜೊತೆ ಗುಡಿಸಿದ ಹಾಗಾಗುತ್ತದೆ. ಲಂಡನ್ ಪ್ರಯೋಗದಲ್ಲಿ ಕ್ಯಾಪ್ಸೂಲ್ ನುಂಗಿದವರು ಹೇಳಿದ ಸುಳಿವುಗಳಲ್ಲಿ ಎರಡೂ ಥರದವು ಇದ್ದವು. ಯಾವ ಗಣಿತದಿಂದಲೂ ಇದನ್ನು ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ.

ಪದಾರ್ಥ ಮೈಯಲ್ಲಿ ಏನೂ ಮಾಡುವುದಿಲ್ಲ ಅನ್ನುವ ಹಾಗೂ ಇಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 80 ಆರೋಗ್ಯವಂತ ಗಂಡಸರಿಗೆ ಮೂರು ದಿನಕ್ಕೊಮ್ಮೆ 10 ಮೈಕ್ರೋಗ್ರಾಂ ಎಲ್‌ಎಸ್‌ಡಿ ಅಥವಾ ಪ್ಲಸೀಬೊ, ಒಟ್ಟು 14 ಸಲ ಕೊಟ್ಟರು. ತಗೊಂಡ ದಿನ ಚೈತನ್ಯ ಹೆಚ್ಚಿತು ಅಂದರು, ಆದರೆ ಆರು ವಾರ ಕಳೆದ ಮೇಲೆ ಉಳಿಯುವಂಥ ಲಾಭ ಕಾಣಲಿಲ್ಲ. ನನ್ನ ಗಮನ ಸೆಳೆದದ್ದು ಕೈಪಟ್ಟಿ ಯಂತ್ರ ಅಳೆದ ನಿದ್ದೆ: ತಗೊಂಡ ದಿನದ ಮರುರಾತ್ರಿ ಸುಮಾರು 24 ನಿಮಿಷ ಹೆಚ್ಚು. ನಾಳೆ ರಾತ್ರಿ ಹೆಚ್ಚು ನಿದ್ದೆ ಬರಲಿ ಅಂತ ಯಾರೂ ಕಾದು ಕೂತಿರುವುದಿಲ್ಲ, ಹಾಗಾಗಿ ಈ ಅಂಕಿಯನ್ನು ನಾನು ಹೆಚ್ಚು ನಂಬುತ್ತೇನೆ. ಇನ್ನೊಂದು ಕಡೆ, ಗಮನದ ತೊಂದರೆಯಾದ ಎಡಿಎಚ್‌ಡಿ ಇರುವ 53 ವಯಸ್ಕರಿಗೆ ಆರು ವಾರ, ವಾರಕ್ಕೆರಡು ಸಲ 20 ಮೈಕ್ರೋಗ್ರಾಂ ಕೊಟ್ಟ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನ ಲಕ್ಷಣಗಳು ಇಳಿದವು, ಪ್ಲಸೀಬೊಗಿಂತ ಎಲ್‌ಎಸ್‌ಡಿ ಮೇಲಾಗಲಿಲ್ಲ. ಹುಡುಗನ ಫ್ರೆಂಡ್ ಹೇಳುವ 'ಗಮನ'ದ ಮಾತಿಗೆ ಇದೇ ಹತ್ತಿರದ ಉತ್ತರ.

ನಮ್ಮ ಕಬ್ಬಿಣದ ಟ್ರಯಲ್ ಏನಾಯಿತು ಅಂತ ಕೇಳುತ್ತೀರಿ. ಎಥಿಕ್ಸ್ ಕಮಿಟಿಗೆ ಇದ್ದದ್ದನ್ನು ಬರೆದು ಕೊಟ್ಟೆವು. ವರದಿಯಲ್ಲಿ ರಕ್ತದ ಅಂಕಿ ಮುಂದೆ ಬಂತು, ಸುಸ್ತಿನ ಅಂಕಿಯ ಪಕ್ಕ ಎಚ್ಚರಿಕೆಯ ಸಾಲು ಬಿತ್ತು. ಆಗ ನನ್ನನ್ನು ಹೆಚ್ಚು ಚುಚ್ಚಿದ್ದು ಬೇರೆ: ಯಾರು ಏನು ಊಹಿಸಿದ್ದರು ಅಂತ ನಾವು ಒಬ್ಬರನ್ನೂ ಕ್ರಮವಾಗಿ ಕೇಳಿರಲಿಲ್ಲ. ಕೇಳಿದರೆ ಅನುಮಾನ ಹುಟ್ಟಿಸಿದ ಹಾಗಾಗುತ್ತದೆ ಅಂತ ಹೆದರಿಕೆ. ಈಗ ನನ್ನ ಕೈಗೆ ಬರುವ ಪ್ರತಿ ಟ್ರಯಲ್‌ನಲ್ಲೂ ಮೊದಲ ವಾರವೇ, ಗುಣ ಕಾಣುವ ಮೊದಲೇ, ಎರಡು ಪ್ರಶ್ನೆ ಸೇರಿಸುತ್ತೇನೆ: ನಿಮ್ಮದು ಯಾವುದು ಅನಿಸುತ್ತದೆ? ಯಾಕೆ ಹಾಗನಿಸುತ್ತದೆ? ಎರಡನೆಯದಕ್ಕೆ ಅವರ ಮಾತನ್ನೇ ಬರೆಯಬೇಕು, ಟಿಕ್ ಹಾಕುವ ಹಾಗಿಲ್ಲ. ಅಂಕ ಬರೆದುಕೊಳ್ಳುವವರಿಗೆ ಆ ಹಾಳೆ ತೋರಿಸುವುದಿಲ್ಲ. ಒಂದೇ ಕೇರಿಯವರನ್ನು ಒಂದೇ ದಿನ ಕರೆಸುವುದನ್ನೂ ಬಿಟ್ಟಿದ್ದೇನೆ. ಆದರೂ ಅವರು ಮಾತಾಡಿಕೊಳ್ಳುತ್ತಾರೆ, ಬಿಡಿ.

ಹುಡುಗ ವಾಪಸ್ ಹೊರಡುವಾಗ ಅವನ ಫ್ರೆಂಡಿಗೆ ಒಂದೇ ಪ್ರಶ್ನೆ ಕೇಳಲು ಹೇಳಿದ್ದೆ: ಯಾವ ದಿನ ತಗೊಳ್ಳಬೇಕು ಅಂತ ಹೇಗೆ ತೀರ್ಮಾನಿಸುತ್ತಾನೆ? ಮುಂದಿನ ಭಾನುವಾರ ಫೋನ್ ಬಂತು.

"ಕೇಳಿದೆ ಅತ್ತೆ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆಯಾಗಿ, ಮೀಟಿಂಗ್ ಇಲ್ಲದ ದಿನ ನೋಡಿ ತಗೊಳ್ತಾನಂತೆ."